ಊಜಿ ಟ್ರ್ಯಾಪ್ ಲೆಕ್ಕ: ಮುಂದಿನ ಇಂಟರ್ನ್‌ಗೆ ಏನು ಬರೆದಿಡಬೇಕು

"ಶ್ರೀನಿವಾಸಪುರದ ಹತ್ತಿರ ಮಾವು ರೈತರ ಕಂಪನಿಯಲ್ಲಿ ಇಂಟರ್ನ್ ಆಗಿದ್ದೇನೆ. ವಾರಕ್ಕೊಮ್ಮೆ 10 ಟ್ರ್ಯಾಪ್‌ಗಳಲ್ಲಿ ಊಜಿ ನೊಣ ಎಣಿಸಿ ಗೂಗಲ್ ಶೀಟ್‌ಗೆ ಹಾಕೋದು ನನ್ನ ಕೆಲಸ. ಸೀಸನ್ ಮಧ್ಯದಲ್ಲೇ ಹೋಗಬೇಕು. ಮುಂದೆ ಬರೋರಿಗೆ ಏನು ಬರೆದಿಟ್ಟು ಹೋಗಲಿ?"

ಮೊದಲು ಶೀಟ್ ಯಾರ ಖಾತೆಯಲ್ಲಿದೆ ನೋಡಿ ತಮ್ಮಾ. ಕಾಲೇಜು ಮೇಲ್‌ನಲ್ಲಿ ತೆರೆದಿದ್ದರೆ ಕೋರ್ಸ್ ಮುಗಿದ ಮೇಲೆ ಆ ಖಾತೆ ಮುಚ್ಚಿಹೋಗಬಹುದು. ಕಾಲೇಜು ಖಾತೆಯಿಂದ ಹೊರಗಿನವರಿಗೆ ಮಾಲೀಕತ್ವ ಕೊಡಲೂ ಆಗುವುದಿಲ್ಲ. ಕಂಪನಿ ಮೇಲ್‌ಗೆ ಶೇರ್ ಮಾಡಿ, ಅಲ್ಲಿಂದ `File > Make a copy` ಮಾಡಿಸಿ. ಹಳೆಯದರ ಹೆಸರಿನ ಮುಂದೆ "ಇದರಲ್ಲಿ ಬರೆಯಬೇಡಿ" ಅಂತ ಹಾಕಿ. ಇಲ್ಲದಿದ್ದರೆ ಒಬ್ಬರು ಇದರಲ್ಲಿ, ಒಬ್ಬರು ಅದರಲ್ಲಿ ತುಂಬುತ್ತಾ ಕೂರುತ್ತಾರೆ.

ಈ ಪ್ರಶ್ನೆಗೆ ಒಬ್ಬರು "ವಿಡಿಯೋ ಮಾಡಿಬಿಡಿ, ಬರೆಯೋದು ಯಾಕೆ" ಅಂದಿದ್ದಾರೆ. ಅರ್ಧ ಸರಿ. ಟ್ರ್ಯಾಪ್ ಮುಚ್ಚಳ ಹೇಗೆ ಬಿಚ್ಚೋದು, ನೊಣ ಹೇಗೆ ಸುರಿಯೋದು ಅನ್ನೋದಕ್ಕೆ ವಿಡಿಯೋನೇ ವಾಸಿ. ಆದರೆ ತೋಟದ ನಡುವೆ ನಿಂತು "4ನೇದು ಬಿದ್ದಿದೆ, ಈಗೇನು ಬರೆಯಲಿ?" ಅಂದಾಗ ಯಾರೂ ವಿಡಿಯೋ ಹುಡುಕುವುದಿಲ್ಲ.

ಈ ಲೆಕ್ಕ ಕೆಡೋದೂ ಅಲ್ಲೇ. ಸೊನ್ನೆ ಬೇರೆ, ಖಾಲಿ ಬೇರೆ. ಟ್ರ್ಯಾಪ್ ಸರಿಯಾಗಿ ನೇತಾಡುತ್ತಿದ್ದು ಒಂದೂ ನೊಣ ಬೀಳದಿದ್ದರೆ 0. ಗಾಳಿಗೆ ಬಿದ್ದಿದ್ದರೆ, ಕೋತಿ ಕಿತ್ತಿದ್ದರೆ ಶೀಟ್‌ನಲ್ಲಿ ಆ ಮನೆ ಖಾಲಿ ಬಿಡಬೇಕು, ಪಕ್ಕದ ಮನೆಯಲ್ಲಿ ಕಾರಣ ಬರೆಯಬೇಕು. ನಿಮ್ಮದೇ 10 ಟ್ರ್ಯಾಪ್ ತಗೊಳ್ಳಿ. 9ರಲ್ಲಿ ಒಟ್ಟು 378 ನೊಣ, ಒಂದು ಟ್ರ್ಯಾಪ್ ಕೆಳಗೆ ಬಿದ್ದಿದೆ, ಎರಡು ಎಣಿಕೆಗಳ ನಡುವೆ 7 ದಿನ ಅಂದುಕೊಳ್ಳೋಣ. C1ರಲ್ಲಿ ಆ ದಿನಗಳ ಸಂಖ್ಯೆ, C2ರಿಂದ C11ರವರೆಗೆ ಟ್ರ್ಯಾಪ್‌ಗಳ ಎಣಿಕೆ ಇದ್ದರೆ ಸೂತ್ರ ಇಷ್ಟೇ:

```
=AVERAGE(C2:C11)/C1
```

ಬಿದ್ದ ಟ್ರ್ಯಾಪಿನ ಮನೆ ಖಾಲಿ ಇದ್ದರೆ ಒಂದು ಟ್ರ್ಯಾಪ್‌ಗೆ ದಿನಕ್ಕೆ 6 ನೊಣ ಅಂತ ಬರುತ್ತದೆ. 0 ಹಾಕಿದರೆ 5.4ಕ್ಕೆ ಇಳಿಯುತ್ತದೆ. ನೊಣ ಕಡಿಮೆ ಆಯಿತು ಅಂತ ರೈತರು ಸುಮ್ಮನಾಗುತ್ತಾರೆ, ಕಡಿಮೆ ಆಗಿರುವುದಿಲ್ಲ. ಮಳೆ ಬಂದು 9ನೇ ದಿನ ಹೋದರೆ C1ರಲ್ಲಿ 9 ಇರಬೇಕು, ಅಭ್ಯಾಸಬಲದ 7 ಅಲ್ಲ. ಈ ಉದಾಹರಣೆಯನ್ನು ಅಂಕಿ ಸಮೇತ ಹಾಗೇ ಬರೆದಿಡಿ. ಹೊಸಬರು ಅದೇ ಅಂಕಿ ತುಂಬಿ 6 ಬಂತಾ ಅಂತ ತಾವೇ ನೋಡಿಕೊಳ್ಳಲಿ.

ನೊಣ ಸೆಳೆಯೋಕೆ ಟ್ರ್ಯಾಪ್ ಒಳಗೆ ಇಡೋ ಲ್ಯೂರ್ ಬದಲಿಸಿದ ತಾರೀಖಿಗೂ ಒಂದು ಸಾಲು ಬೇಕು. ಹೊಸ ಲ್ಯೂರ್ ಹಾಕಿದ ವಾರ ಎಣಿಕೆ ದಿಢೀರ್ ಏರಬಹುದು. ತಾರೀಖು ಇಲ್ಲದಿದ್ದರೆ ಹೊಸಬರು ಊಜಿ ಜಾಸ್ತಿ ಆಯಿತು ಅಂತ ಗುಂಪಿಗೆ ಮೆಸೇಜ್ ಹಾಕಿ ಎಲ್ಲರನ್ನೂ ಗಾಬರಿ ಮಾಡುತ್ತಾರೆ. ಮೀಥೈಲ್ ಯುಜಿನಾಲ್ ಲ್ಯೂರ್‌ಗೆ ಬರೋದು ಗಂಡು ನೊಣ ಮಾತ್ರ ಅನ್ನೋದನ್ನೂ ಸೇರಿಸಿ. ಟ್ರ್ಯಾಪ್ ತುಂಬಿದೆ, ಇನ್ನು ಕಾಯಿಗೆ ಭಯವಿಲ್ಲ ಅಂದುಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ. ಮೊಟ್ಟೆ ಇಡೋ ಹೆಣ್ಣು ಹೊರಗೇ ಇರುತ್ತದೆ.

ಟ್ರ್ಯಾಪ್ ಎಲ್ಲಿದೆ ಅಂತ ಬರೆಯುವಾಗ "3ನೇ ಸಾಲು, 5ನೇ ಮರ" ಸಾಲದು. ಯಾವ ಕಡೆಯಿಂದ ಎಣಿಸೋದು? "ಪಂಪ್‌ಮನೆಗೆ ಬೆನ್ನು ಮಾಡಿ ನಿಂತರೆ ಎಡಗಡೆ ಮೊದಲ ಸಾಲು, ತೋತಾಪುರಿ ಮರ, ಕೊಂಬೆಗೆ ನೀಲಿ ಪ್ಲಾಸ್ಟಿಕ್ ದಾರ" ಅಂತ ಬರೆದರೆ ಯಾರಾದರೂ ಹುಡುಕುತ್ತಾರೆ. ಆ ಜಾಗವೇ ಯಾಕೆ ಅನ್ನೋ ಕಾರಣವನ್ನೂ ಬರೆಯಿರಿ. ಪಕ್ಕದ ಸೀಬೆ ತೋಟದ ಅಂಚಿನಲ್ಲಿರುವ ಟ್ರ್ಯಾಪ್‌ಗೆ ಯಾವಾಗಲೂ ಜಾಸ್ತಿ ಬೀಳುತ್ತದೆ ಅನ್ನೋಣ. ಊಜಿ ಸೀಬೆಗೂ ಬರುತ್ತದಲ್ವಾ. ಗೊತ್ತಿಲ್ಲದವರು ಅದು ಸರಿಯಿಲ್ಲ ಅಂತ ಒಳಗೆ ತಂದು ಕಟ್ಟಿಬಿಡುತ್ತಾರೆ. ಆಮೇಲೆ ಹಿಂದಿನ ವಾರಗಳ ಜೊತೆ ಹೋಲಿಸೋಕೆ ಆಗುವುದಿಲ್ಲ.

ಎಲ್ಲದಕ್ಕಿಂತ ಮೇಲೆ, ಮೊದಲ ಪುಟದಲ್ಲೇ, ತಾರೀಖು ಹಾಕಿ ಈಗಿನ ಸ್ಥಿತಿ ಬರೆಯಿರಿ: ಕೊನೆಯ ಎಣಿಕೆ ಯಾವಾಗ, ಮುಂದಿನದು ಯಾವಾಗ, ಯಾವ ಟ್ರ್ಯಾಪ್ ಒಡೆದಿದೆ, ಉಳಿದ ಲ್ಯೂರ್ ಎಷ್ಟು, ಎಲ್ಲಿದೆ, ಗೇಟಿನ ಬೀಗದ ಕೈ ಯಾರ ಹತ್ತಿರ.

ಬರೆದಾದ ಮೇಲೆ ಈ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕಾಗದ ಕೊಟ್ಟು ಒಂದು ಸುತ್ತು ಮಾಡಿಸಿ. ನೀವು ಹಿಂದೆ ನಡೆಯಿರಿ, ಬಾಯಿ ಬಿಡಬೇಡಿ. ಅವರು ಎಲ್ಲಿ ತಿರುಗಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ.

 

ನೊಣ ರಾಶಿ ಬಿದ್ದಾಗ ಒಂದೊಂದಾಗಿ ಎಣಿಸಬೇಕಾ, ಒಂದು ಚಿಕ್ಕ ಲೋಟದಲ್ಲಿ ಎಷ್ಟು ಹಿಡಿಯುತ್ತೆ ನೋಡಿ ಲೋಟದ ಲೆಕ್ಕ ಹಾಕಬೇಕಾ ಅನ್ನೋದರಲ್ಲಿ ನಮ್ಮಲ್ಲೇ ಎರಡು ಮಾತಿದೆ. ಒಣಗಿದ್ದಕ್ಕೂ ಒದ್ದೆಯದಕ್ಕೂ ಲೋಟದ ಲೆಕ್ಕ ಒಂದೇ ಬರುವುದಿಲ್ಲ. ನೀವು ಇಷ್ಟು ವಾರ ಯಾವ ರೀತಿ ಎಣಿಸಿದ್ದೀರೋ ಅದನ್ನೇ ಬರೆದಿಡಿ, ಸೀಸನ್ ಮುಗಿಯೋವರೆಗೆ ಅದೇ ನಡೆಯಲಿ. ಬೇರೆ ಕಡೆ ಹೇಗೆ ಮಾಡುತ್ತಾರೆ, ಗೊತ್ತಿರೋರು ಕೆಳಗೆ ಹಾಕಿ.