ಆಸ್ಪತ್ರೆಯ ಲೆಕ್ಕ, ಜಿಲ್ಲೆಯ ಲೆಕ್ಕ

ಪ್ರಶ್ನೆ: ಕಾರವಾರದ ಆಸ್ಪತ್ರೆಯ ಕ್ಯಾನ್ಸರ್ ದಾಖಲೆ ನೋಡಿ ಇಡೀ ಉತ್ತರ ಕನ್ನಡದಲ್ಲಿ ಕಾಯಿಲೆ ಎಷ್ಟಿದೆ ಎಂದು ಹೇಳಬಹುದೇ?

ಆಗುವುದಿಲ್ಲ. ನಮ್ಮವರು ಗೋವಾ, ಮಣಿಪಾಲ, ಹುಬ್ಬಳ್ಳಿ ಎಂದು ಚದುರಿ ಹೋಗುತ್ತಾರೆ. ಆಸ್ಪತ್ರೆಯ ನೋಂದಣಿಗೆ ತನ್ನ ಬಾಗಿಲಿಗೆ ಬಂದವರಷ್ಟೇ ಗೊತ್ತು. ಎಷ್ಟು ಜನರಲ್ಲಿ ಅಷ್ಟು ಎಂಬ ಛೇದ ಅಲ್ಲಿರುವುದಿಲ್ಲ.

ಜನಸಂಖ್ಯಾ ಆಧಾರಿತ ನೋಂದಣಿ ಒಂದು ಪ್ರದೇಶದ ನಿವಾಸಿಗಳನ್ನೇ ಎಲ್ಲ ಆಸ್ಪತ್ರೆ, ಲ್ಯಾಬ್, ಮರಣ ದಾಖಲೆಗಳಲ್ಲಿ ಹುಡುಕುತ್ತದೆ. ಒಂದೇ ಕ್ಯಾನ್ಸರಿಗೆ ಎರಡು ಕಡೆ ಹೆಸರು ಬರೆಸಿದವರನ್ನು ಒಮ್ಮೆ ಮಾತ್ರ ಎಣಿಸುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯವರು 14.37 ಲಕ್ಷ. ವರ್ಷಕ್ಕೆ 1,150 ಹೊಸ ರೋಗಿಗಳು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಲಕ್ಷಕ್ಕೆ 80. ಬೇರೆ ಜಿಲ್ಲೆಗೆ ಹೋಲಿಸುವ ಮೊದಲು ವಯಸ್ಸಿನ ವ್ಯತ್ಯಾಸವನ್ನೂ ಸರಿದೂಗಿಸಬೇಕು.

ಬದುಕುಳಿಯುವ ಪ್ರಮಾಣಕ್ಕೆ ಪತ್ತೆಯಾದ ದಿನದಿಂದ ಪ್ರತಿ ರೋಗಿಯ ಬೆನ್ನು ಹತ್ತಬೇಕು. ಅತಿ ಹೆಚ್ಚು ಎಡವುವುದು ಇಲ್ಲೇ: ಮನೆಗೆ ಮರಳಿ ತೀರಿಕೊಂಡ ರೋಗಿಯನ್ನು ವಿಚಾರಿಸದೆ ಬದುಕಿದ್ದಾರೆಂದು ಬರೆದರೆ ಅಂಕಿ ಸುಳ್ಳೇ ಏರುತ್ತದೆ.