ಈ ಬಾಣ ಯಾರು ಕೊಟ್ಟದ್ದು?

ಧಾರವಾಡದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ಥಿಯರೆಟಿಕಲ್ ಫ್ರೇಮ್‌ವರ್ಕ್, ಕಾನ್ಸೆಪ್ಚುವಲ್ ಫ್ರೇಮ್‌ವರ್ಕ್ ಅನ್ನುವ ಪ್ರಬಂಧದ ಎರಡೂ ಭಾಗಗಳಲ್ಲಿ ಅದನ್ನೇ ಬರೆದಿದ್ದೀರಿ ಅಂತ ಸೆಮಿನಾರಿನಲ್ಲಿ ಬೈಸಿಕೊಂಡು ಬರುತ್ತಾರೆ. ಈ ಹುಡುಗಿಯೂ ಹಾಗೇ ಬಂದಳು. ನಿದ್ದೆ ಇಲ್ಲ, ಪಿಎಚ್.ಡಿ. ಬಿಡುವ ಯೋಚನೆ. ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ, ಬೆಳೆಯೊಂದನ್ನು ಬಿಟ್ಟು. ಅದನ್ನು ಬದಲಿಸಿದರೆ ಕಥೆಯೇ ನಿಲ್ಲುವುದಿಲ್ಲ.

ಅವಳ ಪ್ರಶ್ನೆ ಇದು: ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರು ಸುಗ್ಗಿಯಲ್ಲೇ ಬ್ಯಾಡಗಿ ಮಾರುಕಟ್ಟೆಗೆ ಹಾಕಿಬಿಡುತ್ತಾರೆ. ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುವವರು ಕಡಿಮೆ. ಯಾಕೆ? ಥಿಯರೆಟಿಕಲ್ ಫ್ರೇಮ್‌ವರ್ಕ್ ಇದ್ದ ಎರಡನೇ ಅಧ್ಯಾಯದಲ್ಲಿ ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರವಾಗಿ ಮಂಡಿಸಿದ ಯೋಜಿತ ವರ್ತನೆಯ ಸಿದ್ಧಾಂತವಿತ್ತು. ಒಂದು ಕೆಲಸದ ಬಗ್ಗೆ ನಮ್ಮ ಮನೋಭಾವ, ಸುತ್ತಲಿನವರು ಏನಂತಾರೆ ಅನ್ನುವುದು, ಅದು ನನ್ನ ಕೈಲಾಗುತ್ತದೆ ಅನ್ನುವ ಭಾವನೆ, ಈ ಮೂರೂ ಸೇರಿ ಇರಾದೆ ಹುಟ್ಟುತ್ತದೆ, ಇರಾದೆಯಿಂದ ಕೆಲಸ ನಡೆಯುತ್ತದೆ ಅಂತ ಅದರ ಸಾರ. ಕಾನ್ಸೆಪ್ಚುವಲ್ ಫ್ರೇಮ್‌ವರ್ಕ್ ಇದ್ದ ಮೂರನೇ ಅಧ್ಯಾಯದಲ್ಲೂ ಅದೇ, ಡಬ್ಬಿ ಬಾಣಗಳ ಚಿತ್ರವಾಗಿ. 'ಕೆಲಸ' ಅನ್ನುವ ಡಬ್ಬಿಯಲ್ಲಿ 'ದಾಸ್ತಾನು' ಅಂತ ಬರೆದಿದ್ದಳು, ಮೂಲೆಯಲ್ಲಿ ಎರಡು ಬಾಣ ಜಾಸ್ತಿ ಸೇರಿಸಿದ್ದಳು. ಬೈದವರದು ತಪ್ಪಿರಲಿಲ್ಲ.

ಮೂರನೇ ಭೇಟಿಯಲ್ಲಿ ಆ ಚಿತ್ರವನ್ನು ಮೇಜಿನ ಮೇಲೆ ಹರವಿದೆ. ಒಂದೊಂದೇ ಬಾಣದ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದೆ: "ಇದನ್ನ ಯಾರು ಕೊಟ್ಟದ್ದು?"

"ಐಜೆನ್ ರೀ."

"ಇದು?"

"ಅದೂ ಐಜೆನ್ ರೀ."

'ದಲಾಲಿ ಅಂಗಡಿಯ ಸಾಲ' ಅನ್ನುವ ಡಬ್ಬಿಯಿಂದ ಹೊರಟ ಬಾಣಕ್ಕೆ ಬಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇದು... ನಮ್ಮಪ್ಪ ಕೊಟ್ಟದ್ರೀ ಮೇಡಂ."

ಅಪ್ಪ ಬಿತ್ತನೆಗೆ ಅಂಗಡಿಯಿಂದ ರೊಕ್ಕ ತಂದಿರುತ್ತಾರೆ. ಕಾಯಿ ಒಣಗುತ್ತಿದ್ದಂತೆ ಅದೇ ಅಂಗಡಿಗೆ ಚೀಲ ಹೋಗಬೇಕು. ಕಾಯಬೇಕು ಅನ್ನುವ ಮನಸ್ಸು ಅವರಿಗೂ ಇದೆ. ಕಾಯಲು ಆಗುವುದಿಲ್ಲ, ಅಷ್ಟೇ.

ಅಲ್ಲಿಗೆ ಎರಡು ಚೌಕಟ್ಟು ಬೇರೆಯಾದವು. ಥಿಯರೆಟಿಕಲ್ ಫ್ರೇಮ್‌ವರ್ಕ್ ಮಾಡುವ ಕೆಲಸ ಕಾರಣ ಕೊಡುವುದು. ಇರಾದೆಯಿಂದ ಕೆಲಸ ಯಾಕೆ ಹುಟ್ಟಬೇಕು ಅಂತ ಕೇಳಿದರೆ ಅದು ಉತ್ತರಿಸಬೇಕು. ಆ ಉತ್ತರ ಮೆಣಸಿನಕಾಯಿಗೂ ಸೈ, ಬೇರೆ ಬೆಳೆಗೂ ಸೈ. ಕಾನ್ಸೆಪ್ಚುವಲ್ ಫ್ರೇಮ್‌ವರ್ಕ್ ಇವಳ ಸ್ವಂತ ವಾದದ ನಕ್ಷೆ: ಈ ಊರಲ್ಲಿ, ಈ ಬೆಳೆಗೆ, ಯಾವುದು ಯಾವುದಕ್ಕೆ ತಾಗುತ್ತದೆ, ಅದರಲ್ಲಿ ನಾನು ಏನನ್ನು ಅಳೆಯುತ್ತೇನೆ. ಅದರ ಕೆಲವು ಬಾಣ ಸಿದ್ಧಾಂತದಿಂದ ಬರುತ್ತವೆ, ಕೆಲವು ಹಿಂದಿನ ಅಧ್ಯಯನಗಳಿಂದ, ಕೆಲವು ಹೊಲದಿಂದ. ಅಪ್ಪ ಕೊಟ್ಟ ಬಾಣವನ್ನು ನಾಚಿಕೆಪಟ್ಟು ಮೂಲೆಗೆ ಹಾಕಿದ್ದಳು. ಅವಳ ಪ್ರಬಂಧದ ಸ್ವಂತ ಮಾತು ಅಂತ ಇದ್ದದ್ದೇ ಅದೊಂದು.

ಬಾಣ ತಪ್ಪು ಜಾಗಕ್ಕೂ ಹೋಗಿತ್ತು. ಸಾಲದಿಂದ ಇರಾದೆಯ ಕಡೆಗೆ ಎಳೆದಿದ್ದಳು. ಆದರೆ ಅಪ್ಪನ ಇರಾದೆಗೆ ಏನೂ ಆಗಿಲ್ಲವಲ್ಲ? ಸಾಲ ಅಡ್ಡ ಬರುವುದು ಇರಾದೆಗೂ ಕೆಲಸಕ್ಕೂ ನಡುವೆ. ಐಜೆನ್ ಕೂಡ ಕೈಲಾಗುತ್ತದೆ ಅನ್ನುವ ಭಾವನೆಯೇ ಬೇರೆ, ನಿಜಕ್ಕೂ ಕೈಯಲ್ಲಿರುವ ಹಿಡಿತವೇ ಬೇರೆ ಅನ್ನುತ್ತಾರೆ. ಹಿಡಿತ ಇಲ್ಲದ ಕಡೆ ಇರಾದೆ ಇದ್ದೂ ಕೆಲಸ ಆಗದಿರಬಹುದು. ಬಾಣವನ್ನು ಅಲ್ಲಿಗೆ ಸರಿಸಿದ ಮೇಲೆ ಅವಳ ಇನ್ನೊಂದು ತಲೆನೋವೂ ಅರ್ಥವಾಯಿತು. ಇಡಬೇಕು ಅಂದ ರೈತರು ಬಹಳ, ಇಟ್ಟವರು ಕಡಿಮೆ ಅಂತ ಬಂದಿದ್ದಕ್ಕೆ, ತನ್ನ ಪ್ರಶ್ನಾವಳಿಯೇ ಕೆಟ್ಟಿದೆ ಅಂದುಕೊಂಡಿದ್ದಳು.

ನಾನು ಕೊಟ್ಟ ಸಲಹೆ ಹೀಗಿತ್ತು. ಪ್ರತಿ ಬಾಣಕ್ಕೂ ಒಂದು ಸಾಲು ಬರಿ: ಎಲ್ಲಿಂದ ಬಂತು, ಪ್ರಶ್ನಾವಳಿಯ ಯಾವ ಪ್ರಶ್ನೆ ಅದನ್ನು ಅಳೆಯುತ್ತದೆ. ಎರಡಕ್ಕೂ ಉತ್ತರ ಇಲ್ಲದ ಬಾಣವನ್ನು ತೆಗೆ. ಸಿದ್ಧಾಂತದ ಅಧ್ಯಾಯದಲ್ಲಿ ಐಜೆನ್ ಯಾಕೆ ಬೇಕು ಅನ್ನುವುದರ ಜೊತೆಗೆ ಎಲ್ಲಿ ಸಾಲುವುದಿಲ್ಲ ಅಂತಲೂ ಬರಿ. ಕೊನೆಯ ಅಧ್ಯಾಯದಲ್ಲಿ ಆ ಜಾಗಕ್ಕೇ ವಾಪಸ್ ಬಾ.

ಇನ್ನೊಂದು ಸಲಹೆ ಅವಳ ಗೈಡಿಗೆ ಹಿಡಿಸಲಿಲ್ಲ. ಸಾಲದ ಪ್ರಶ್ನೆ ವೈಯಕ್ತಿಕ ವಿವರಗಳ ಭಾಗದಲ್ಲಿ ಮೊದಲೇ ಇತ್ತು, ಸರಿ. ಆದರೆ ಬಾಣದ ಹೊಸ ಜಾಗ ಹೊಳೆದದ್ದು ಮಾಹಿತಿ ಸಂಗ್ರಹ ಮುಗಿದ ಮೇಲೆ. ಅದನ್ನು ಮೊದಲೇ ಇಟ್ಟುಕೊಂಡ ಹೈಪಾಥಿಸಿಸ್ ಅಂತ ತೋರಿಸಬೇಡ, ನಂತರ ಹೊಳೆದದ್ದು ಅಂತಲೇ ಬರಿ ಅಂದೆ. ಪ್ರಬಂಧ ಸಪ್ಪಗಾಗುತ್ತದೆ ಅಂದರಂತೆ ಅವರು. ಆಗಲಿ. ಫಲಿತಾಂಶ ನೋಡಿ ಊಹೆ ಬರೆದು, ಆಮೇಲೆ ಊಹೆ ನಿಜವಾಯಿತು ಅಂದರೆ ಅದು ಪರೀಕ್ಷೆಯೇ ಅಲ್ಲ. ಆಪ್ತಸಲಹೆಗಾರ್ತಿಗೆ ಇದೆಲ್ಲ ಯಾಕೆ ಅಂತಲೂ ಕೇಳಿದವರಿದ್ದಾರೆ. ನಿದ್ದೆ ಕೆಡಿಸಿದ್ದು ಈ ಚಿತ್ರ. ಅದನ್ನು ಬಿಟ್ಟು ಬರೀ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಲು ನನಗಾಗಲಿಲ್ಲ.

ಎಲ್ಲ ಸಂಶೋಧನೆಗೂ ಈ ಜೋಡಿ ಬೇಕಂತಿಲ್ಲ. ಹೊಲದ ಮಾತುಗಳಿಂದಲೇ ಸಿದ್ಧಾಂತ ಕಟ್ಟುವ ಅಧ್ಯಯನಗಳೂ ಇವೆ. ಅಲ್ಲಿ ಮೊದಲೇ ಬಾಣ ಎಳೆದರೆ ಕೆಲಸ ಕೆಡುತ್ತದೆ.

ಎರಡು ವಾರ ಬಿಟ್ಟು ಹಾಳೆ ತಂದಳು. ಒಂದು ಬಾಣ ಕಾಣೆಯಾಗಿತ್ತು, ಶಿಕ್ಷಣದಿಂದ ಮನೋಭಾವಕ್ಕೆ ಇದ್ದದ್ದು. ಯಾಕೆ ತೆಗೆದೆ ಅಂದೆ.

"ಎಲ್ಲಾರೂ ಹಾಕ್ತಾರ ಅಂತ ಸುಮ್ನ ಹಾಕಿದ್ನಿರೀ."