ಕುದಿಸಿದರೆ ಹೋಗುವುದು, ಕುದಿಸಿದರೂ ಹೋಗದ್ದು

*ಸಂಪಾದಕರೇ, ನಾನು ದಾವಣಗೆರೆಯಲ್ಲಿ ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡುತ್ತೇನೆ. ನನ್ನ ತಮ್ಮ ಹಡಗಿನ ಅಡುಗೆಮನೆ ಕೆಲಸಕ್ಕೆ ಹೋಗಬೇಕು ಅಂತ ಫುಡ್ ಹ್ಯಾಂಡ್ಲರ್ ಪರೀಕ್ಷೆಗೆ ಓದುತ್ತಿದ್ದಾನೆ. ಮಾದರಿ ಪತ್ರಿಕೆಯಲ್ಲಿ, ಶೇಂಗಾ ತಾಗಿದ ಚಾಕುವಿನಿಂದ ಇನ್ನೊಬ್ಬರ ಹಣ್ಣು ಹೆಚ್ಚಿದರೆ ಅದು ಏನು ಅಂತ ಕೇಳಿದ್ದರು. ಅವನು ‘ಕ್ರಾಸ್ ಕಂಟಾಮಿನೇಶನ್’ ಅಂತ ಗುರುತು ಹಾಕಿದ. ತಪ್ಪಂತೆ, ‘ಕ್ರಾಸ್ ಕಾಂಟ್ಯಾಕ್ಟ್’ ಸರಿಯಂತೆ. ಎರಡರಲ್ಲೂ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದೆ, ಅಷ್ಟೇ ಅಲ್ವಾ? ಇಷ್ಟು ಸಣ್ಣ ಮಾತಿಗೆ ಅಂಕ ಕಳೆಯುವುದು ನ್ಯಾಯವಾ?*
— ಅಡುಗೆ ಕಾಂಟ್ರಾಕ್ಟರ್, ದಾವಣಗೆರೆ

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಬಡಿಸಿಕೊಂಡು ತಿನ್ನುವವರಿಂದ ನಮಗೆ ದಿನಾ ಪತ್ರ ಬರುತ್ತದೆ, ಒಲೆ ಮುಂದೆ ನಿಲ್ಲುವವರಿಂದ ಬರುವುದು ಅಪರೂಪ.

ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲೇ, ಅಲರ್ಜಿ ಪದಾರ್ಥ ಅಕಸ್ಮಾತ್ ಬೆರೆಯುವುದಕ್ಕೆ ಕ್ರಾಸ್ ಕಂಟಾಮಿನೇಶನ್ ಅಂತಲೇ ಬರೆದಿದ್ದಾರೆ. ಅಮೆರಿಕದ ಪರೀಕ್ಷಾ ಪತ್ರಿಕೆಗಳಲ್ಲಿ ಎರಡನ್ನೂ ಬೇರೆ ಮಾಡುತ್ತಾರೆ. ಹಾಗಾಗಿ ತಮ್ಮನಿಗೆ ಗೊಂದಲ ಆದದ್ದು ಸಹಜ. ನಿಮ್ಮ ಪರವಾಗಿ ನಾನು ಇಷ್ಟು ಹೇಳಬಲ್ಲೆ.

ಆದರೆ ಅಂಕ ಕಳೆದದ್ದು ನ್ಯಾಯವೇ. ನೀವು ಇದನ್ನು ಸಣ್ಣ ಮಾತು ಅಂದಿರಿ. ಮದುವೆ ಮನೆಯಲ್ಲಿ ಸಾವಿರಾರು ಜನಕ್ಕೆ ಬಡಿಸುವವರು ಹಾಗೆ ಅನ್ನಬಾರದು.

ದಾವಣಗೆರೆಯ ದೋಸೆ ಹಂಚಿನ ಮುಂದೆ ಒಂದು ಗಳಿಗೆ ನಿಲ್ಲಿ. ಭಟ್ಟರು ಓಪನ್ ದೋಸೆ ಹಾಕುತ್ತಿದ್ದಾರೆ. ಮೇಲೆ ಬೆಣ್ಣೆ, ಅದರ ಮೇಲೆ ಚಟ್ನಿಪುಡಿ ಉದುರಿಸುತ್ತಾರೆ. ಪುಡಿಯಲ್ಲಿ ಶೇಂಗಾ ಇದೆ ಅಂತ ಇಟ್ಟುಕೊಳ್ಳಿ. ಅಂಚಿನಿಂದ ಸ್ವಲ್ಪ ಪುಡಿ ಜಾರಿ ಹಂಚಿಗೆ ಬೀಳುತ್ತದೆ, ಬೆಣ್ಣೆ ಜೊತೆ ಸುತ್ತ ಹರಿಯುತ್ತದೆ. ದೋಸೆ ತೆಗೆದ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಬರ್‍ರನೆ ಗುಡಿಸುತ್ತಾರೆ. ಮುಂದಿನದು ಒಬ್ಬ ಹುಡುಗನಿಗೆ ಬರೀ ಬೆಣ್ಣೆ ದೋಸೆ. ಅವನಿಗೆ ಶೇಂಗಾ ಆಗಲ್ಲ ಅಂತ ತಾಯಿ ಮೊದಲೇ ಹೇಳಿದ್ದಾರೆ. ಭಟ್ಟರು ಅವನ ದೋಸೆಗೆ ಪುಡಿ ಹಾಕಿಲ್ಲ, ಚಟ್ನಿಯನ್ನೂ ಕೊಟ್ಟಿಲ್ಲ. ಹಂಚು ಹೊಗೆ ಬರುವಷ್ಟು ಕಾದಿದೆ.

ಆ ಹಂಚಿನ ಮೇಲೆ ಕೀಟಾಣು ಉಳಿದಿರುವುದಿಲ್ಲ. ಆದರೆ ಶೇಂಗಾದ ಪ್ರೋಟೀನು ಉಳಿದಿದೆ. ಹಂಚಿನ ಮೇಲೂ ಇದೆ, ಪೊರಕೆ ಕಡ್ಡಿಗಳ ನಡುವೆಯೂ ಇದೆ, ಮಗುಚುವ ಸಟ್ಟುಗದ ಅಂಚಿನಲ್ಲೂ ಇದೆ. ಪೊರಕೆ ಅದನ್ನು ತೆಗೆಯಲಿಲ್ಲ, ಹಂಚಿನ ತುಂಬ ಹರಡಿತು. ಆ ಶೇಂಗಾ ಹುರಿದು ಪುಡಿ ಮಾಡಿದ್ದು, ಅಂದರೆ ಒಮ್ಮೆ ಬೆಂಕಿ ಕಂಡೇ ಬಂದದ್ದು. ಹುರಿದರೆ ಶೇಂಗಾದ ಅಲರ್ಜಿ ಗುಣ ಹೋಗುವುದಿಲ್ಲ. ಇದು ಕ್ರಾಸ್ ಕಾಂಟ್ಯಾಕ್ಟ್: ಒಂದು ಆಹಾರದ ಪ್ರೋಟೀನು, ಯಾರೂ ಬೇಕಂತ ಹಾಕದೆ, ಇನ್ನೊಂದು ಆಹಾರಕ್ಕೆ ಸೇರುವುದು.

ಈಗ ನಿಮ್ಮ ಅಡುಗೆಮನೆಗೆ ಬನ್ನಿ. ಹಸಿ ಕೋಳಿ ಕತ್ತರಿಸಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿದರು. ಇಲ್ಲಿ ದಾಟಿದ್ದು ಸಾಲ್ಮೊನೆಲ್ಲಾದಂಥ ಜೀವ ಇರುವ ಕೀಟಾಣು. ಅದು ತಿಂದ ಯಾರಿಗೆ ಬೇಕಾದರೂ ತೊಂದರೆ ಕೊಡಬಹುದು, ತೊಂದರೆ ಕಾಣಿಸಿಕೊಳ್ಳುವುದಕ್ಕೆ ಕೆಲವು ಗಂಟೆಯಿಂದ ಕೆಲವು ದಿನ ಬೇಕು. ಸೌತೆಕಾಯಿಯನ್ನು ಬೇಯಿಸುವುದಿಲ್ಲವಲ್ಲ, ಅದಕ್ಕೇ ಅಪಾಯ. ಕೋಳಿಯ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ ಕೀಟಾಣು ಸಾಯುತ್ತವೆ. ಇದು ಕ್ರಾಸ್ ಕಂಟಾಮಿನೇಶನ್. ದೋಸೆ ತಿಂದ ಆ ಹುಡುಗನಿಗಾದರೆ ಕೆಲವೇ ನಿಮಿಷದಲ್ಲಿ ತುಟಿ ಊದಿಕೊಂಡು ಉಸಿರು ಕಟ್ಟಬಹುದು. ಪಕ್ಕದ ಟೇಬಲ್ಲಿನವರಿಗೆ ಏನೂ ಆಗಿರುವುದಿಲ್ಲ.

ದಾಟಿದ ದಾರಿ ಎರಡರಲ್ಲೂ ಒಂದೇ: ಚಾಕು, ಕೈ, ಹಂಚು, ಎಣ್ಣೆ. ನಿಮ್ಮ ತಮ್ಮ ಆ ದಾರಿ ನೋಡಿ ಉತ್ತರ ಬರೆದ. ಪ್ರಶ್ನೆ ಓದುವಾಗ ಹೇಗೆ ದಾಟಿತು ಅನ್ನುವುದನ್ನು ಬದಿಗಿಟ್ಟು, ಏನು ದಾಟಿತು ಅಂತ ಕೇಳಿಕೊಳ್ಳಲು ಹೇಳಿ.

ಬಿಸಿ ಮಾಡಿದರೆ ಹೋಗುತ್ತಾ ಅಂತ ಕೇಳಿ ತೀರ್ಮಾನ ಮಾಡಿ ಅಂತ ಕೆಲವು ತರಬೇತಿಯವರು ಹೇಳಿಕೊಡುತ್ತಾರೆ. ಮುಕ್ಕಾಲು ಪಾಲು ಅದು ಸರಿ ಹೋಗುತ್ತದೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಬೆರಳಿಗೆ ಕೀವಾದ ಗಾಯ ಇದ್ದವನು ಖೋವಾ ನಾದಿದ ಅಂತಿಟ್ಟುಕೊಳ್ಳಿ. ಗಾಯದ ಸ್ಟ್ಯಾಫಿಲೊಕಾಕಸ್ ಕೀಟಾಣು ಖೋವಾಕ್ಕೆ ಇಳಿದು, ಹೊರಗಿಟ್ಟ ಹೊತ್ತಿನಲ್ಲಿ ಬೆಳೆದು ವಿಷ ಬಿಡುತ್ತದೆ. ಆಮೇಲೆ ಬಿಸಿ ಮಾಡಿದರೆ ಕೀಟಾಣು ಸಾಯುತ್ತದೆ, ಬಿಟ್ಟ ವಿಷ ಹಾಗೇ ಇರುತ್ತದೆ. ಬಿಸಿಗೆ ಹೋಗಲಿಲ್ಲ ಅಂತ ಇದನ್ನು ಕ್ರಾಸ್ ಕಾಂಟ್ಯಾಕ್ಟ್ ಅಂದರೆ ತಪ್ಪು. ಮೂಲ ಕೀಟಾಣು, ಆದ್ದರಿಂದ ಇದು ಕಂಟಾಮಿನೇಶನ್ನೇ.

ಪತ್ರಿಕೆ ಮಾಡುವವರು ಹೆಚ್ಚು ಜನರನ್ನು ಬೀಳಿಸುವುದು ಹಸಿ ಮೊಟ್ಟೆಯಲ್ಲಿ. ಆಮ್ಲೆಟ್‌ಗೆ ಮೊಟ್ಟೆ ಒಡೆದ ಕೈಯಲ್ಲೇ ಕೋಸಂಬರಿ ಕಲಸಿದರು ಅಂತ ಪ್ರಶ್ನೆ ಇರುತ್ತದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಮೊಟ್ಟೆಯ ಪ್ರೋಟೀನಂತೂ ಇದ್ದೇ ಇರುತ್ತದೆ. ನಿಜದಲ್ಲಿ ಎರಡೂ ಆಗಿದೆ. ಹಸಿ ಸೀಗಡಿ, ಹಸಿ ಮೀನು ಕೂಡ ಹೀಗೇ. ಆಗ ಪ್ರಶ್ನೆಯ ಉಳಿದ ಸಾಲು ನೋಡಬೇಕು. ‘ಗ್ರಾಹಕರಿಗೆ ಮೊಟ್ಟೆ ಅಲರ್ಜಿ ಇದೆ’ ಅಂತಿದ್ದರೆ ಕ್ರಾಸ್ ಕಾಂಟ್ಯಾಕ್ಟ್ ಆರಿಸಲಿ. ಅಲರ್ಜಿಯ ಮಾತೇ ಇಲ್ಲದೆ, ಬೇಯಿಸದೆ ತಿನ್ನುವ ಪದಾರ್ಥ ಅಂತ ಒತ್ತಿ ಹೇಳಿದ್ದರೆ ಕಂಟಾಮಿನೇಶನ್. ಎರಡೂ ಅನ್ನುವ ಆಯ್ಕೆ ಇದ್ದು, ಎರಡರ ಸುಳಿವೂ ಇದ್ದರೆ ಅದನ್ನೇ ಹಾಕಲಿ.

ಇನ್ನೊಂದು ಗುಂಡಿ ಇದೆ. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಪುಡಿ ಹಾಕಿದ್ದಾರೆ, ಬಡಿಸುವವನು ಅದನ್ನು ಹೇಳಲಿಲ್ಲ. ತಿಂದವರಿಗೆ ತೊಂದರೆಯಾಯಿತು. ಇದು ಎರಡೂ ಅಲ್ಲ. ಶೇಂಗಾ ಬೇಕಂತಲೇ ಹಾಕಿದ ಸಾಮಾನು, ತಪ್ಪಾದದ್ದು ತಿಳಿಸದೆ ಇರುವುದರಲ್ಲಿ. ಚಳ್ಳಕೆರೆ ಕಡೆಯಿಂದ ತರುವ ಗಾಣದ ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೂ ಇದೇ ಲೆಕ್ಕ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಮ್ಮಿ ಉಳಿಯುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಹಾಗಾಗಿ ಹೇಳಲೇಬೇಕು. ನಿಮ್ಮ ತಮ್ಮ ಹೊರದೇಶದ ಹಡಗಿಗೆ ಹೋಗುವುದಾದರೆ ಎಳ್ಳನ್ನೂ ನೆನಪಿಡಲಿ, ಅಮೆರಿಕದ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ 2023ರ ಜನವರಿ 1ರಿಂದ ಅದು ಒಂಬತ್ತನೆಯದು.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಯಾಕೆ ಅಂದರೆ, ನಮ್ಮ ಕಡೆ ಬೆಂಕಿಯ ಮೇಲೆ ವಿಪರೀತ ನಂಬಿಕೆ. ‘ಕುದ್ದರೆ ಎಲ್ಲಾ ಸರಿ ಹೋಗುತ್ತೆ’ ಅನ್ನುವುದನ್ನು ಎಷ್ಟು ಅಡುಗೆಮನೆಯಲ್ಲಿ ಕೇಳಿದ್ದೇನೋ. ಚಿತ್ರದುರ್ಗದ ಒಂದು ಮದುವೆಯಲ್ಲಿ ನನ್ನ ಎದುರಿಗೇ ಒಬ್ಬ ತಾಯಿ, ಮಗುವಿಗೆ ಶೇಂಗಾ ಆಗಲ್ಲ ಅಂತ ಬಡಿಸುವವರಿಗೆ ಹೇಳಿದರು. ಅವರು ಎಲೆ ಮೇಲಿದ್ದ ಶೇಂಗಾ ಚಟ್ನಿಯನ್ನು ಬೆರಳಲ್ಲಿ ಸರಿಸಿ, ‘ತೆಗೆದೆ ನೋಡಿ ಅಮ್ಮಾ, ಈಗ ತಿನ್ನಲಿ’ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಆ ಎಲೆಯ ಅನ್ನಕ್ಕೆ ಚಟ್ನಿ ಆಗಲೇ ತಾಗಿತ್ತು. ತಾಯಿ ಎಲೆ ಮಡಚಿ ಮಗುವನ್ನು ಎಬ್ಬಿಸಿಕೊಂಡು ಹೋದರು. ಸುತ್ತ ಕೂತವರು ‘ಎಷ್ಟು ನಾಜೂಕು’ ಅಂದುಕೊಂಡರು.

ಈ ಪ್ರಶ್ನೆ ಪತ್ರಿಕೆಯಲ್ಲೂ ಬರುತ್ತದೆ. ಶೇಂಗಾ ಅಲರ್ಜಿ ಇರುವವರ ಸಲಾಡ್ ಮೇಲೆ ತಪ್ಪಾಗಿ ಶೇಂಗಾ ಬೀಜ ಬಿತ್ತು, ಏನು ಮಾಡುತ್ತೀರಿ? ಬೀಜ ಆರಿಸಿ ಕೊಡುವುದು, ಮತ್ತೆ ಬಿಸಿ ಮಾಡುವುದು, ಸ್ಯಾನಿಟೈಸರ್ ಒರೆಸುವುದು, ಎಲ್ಲವೂ ತಪ್ಪು ಉತ್ತರ. ಆ ತಟ್ಟೆ ಬಿಟ್ಟು ಹೊಸದಾಗಿ ಮಾಡಬೇಕು. ಅದಕ್ಕೆ ಮೊದಲು ಕೈಯನ್ನು ಸೋಪು ಹಾಕಿ ತೊಳೆಯಬೇಕು, ಗ್ಲೌಸ್ ಬದಲಿಸಬೇಕು. ಪಾತ್ರೆ, ಚಾಕು, ಹಲಗೆಯನ್ನು ಸೋಪು ಹಾಕಿ ತಿಕ್ಕಿ, ತೊಳೆದು, ಆಮೇಲೆ ಸ್ಯಾನಿಟೈಸ್ ಮಾಡಬೇಕು. ಸ್ಯಾನಿಟೈಸರ್ ಕೀಟಾಣು ಕೊಲ್ಲುವುದಕ್ಕೆ ಇರುವುದು. ಕೊಲ್ಲುವುದಕ್ಕೆ ಪ್ರೋಟೀನಿಗೆ ಜೀವವೇ ಇಲ್ಲ. ತಿಕ್ಕಿ ತೊಳೆದು ಹೊರಗೆ ಹಾಕುವುದೊಂದೇ ದಾರಿ.

ಇದು ನಮಗೆ ಗೊತ್ತಿಲ್ಲದ ವಿಚಾರವೂ ಅಲ್ಲ. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡ ಅಂತ ನಮ್ಮ ಅಜ್ಜಿಯರು ಗದರಿಸುತ್ತಿದ್ದರು. ತಾಗಿದರೆ ತಾಗಿತು, ಅದಕ್ಕೆ ಬೇರೆ ಕೈ, ಬೇರೆ ಸೌಟು. ಆ ಕಟ್ಟುನಿಟ್ಟು ಅಲರ್ಜಿ ಇರುವ ಮಗುವಿನ ಎಲೆಗೆ ಯಾಕೆ ಬರುವುದಿಲ್ಲ?

ತರಬೇತಿ ನಡೆಸುವವರ ಮೇಲೂ ನನಗೆ ಸಿಟ್ಟಿದೆ. ಪರೀಕ್ಷೆಗೆ ಮೊದಲು ಉತ್ತರಗಳನ್ನು ಓದಿಸಿ, ‘ಶೇಂಗಾ ಬಂದರೆ ಕಾಂಟ್ಯಾಕ್ಟ್, ಕೋಳಿ ಬಂದರೆ ಕಂಟಾಮಿನೇಶನ್’ ಅಂತ ಬಾಯಿಪಾಠ ಮಾಡಿಸುವುದನ್ನು ನಾನು ನೋಡಿದ್ದೇನೆ. ಶೇಂಗಾಕ್ಕೆ ಇಲಿ ಹಿಕ್ಕೆ ಬಿದ್ದಿದ್ದರೆ ಆ ಹುಡುಗರು ಏನು ಬರೆಯಬೇಕು? ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಗಲ್ಲಾ ಹಿಂದೆ ತೂಗುಹಾಕುತ್ತಾರೆ. ಹಂಚು ಗುಡಿಸುವವನನ್ನು, ಪಾತ್ರೆ ತೊಳೆಯುವ ಹೆಂಗಸನ್ನು ಆ ತರಗತಿಗೆ ಯಾರೂ ಕಳಿಸಿರುವುದಿಲ್ಲ. ಹುಡುಗನ ದೋಸೆ ನಿಂತಿರುವುದು ಅವರ ಕೈಯಲ್ಲಿ. ಕಲಿಸುವ ಪುಸ್ತಕ ಇಂಗ್ಲಿಷಿನಲ್ಲಿ, ಕೆಲಸ ನಡೆಯುವುದು ಕನ್ನಡದಲ್ಲಿ.

ನಿಮ್ಮ ತಮ್ಮ ಹಳೆ ಮಾದರಿ ಪತ್ರಿಕೆಗಳನ್ನು ಮತ್ತೆ ತೆಗೆಯಲಿ. ಪ್ರತಿ ಪ್ರಶ್ನೆಯ ಪಕ್ಕ ದಾಟಿದ್ದು ಕೀಟಾಣುವೋ, ಪ್ರೋಟೀನೋ, ಸೋಪಿನ ನೀರಿನಂಥ ರಾಸಾಯನಿಕವೋ ಅಂತ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಆಯ್ಕೆಗಳನ್ನು ನೋಡಲಿ. ನೀವೂ ಮುಂದಿನ ಮದುವೆಯಲ್ಲಿ ಅಲರ್ಜಿ ಇರುವವರ ಅಡುಗೆಯನ್ನು ಎಲ್ಲಕ್ಕಿಂತ ಮೊದಲು, ಶೇಂಗಾ ಡಬ್ಬಿ ತೆರೆಯುವ ಮುಂಚೆ ಮಾಡಿಸಿ, ಮುಚ್ಚಿ ಬೇರೆ ಇಡಿಸಿ. ಅದಕ್ಕೊಂದು ಬೇರೆ ಸೌಟು ಇಟ್ಟು, ಬಡಿಸುವವರಲ್ಲಿ ಒಬ್ಬರಿಗೆ ಮಾತ್ರ ಅದನ್ನು ಒಪ್ಪಿಸಿ.